ಬಂಕ್ ಮುಚ್ಚಿಸಬೇಕೆ, ಬೇಡವೆ? 20 ಅಂಕಗಳು

ಎಂಬಿಎ ವಿದ್ಯಾರ್ಥಿಗಳ ನೀತಿಶಾಸ್ತ್ರದ ಪತ್ರಿಕೆಯಲ್ಲಿ ಇಂಥದೊಂದು ಪ್ರಶ್ನೆ ಇದೆ ಎನ್ನಿ.

ನೀವು ಒಂದು ತೈಲ ಕಂಪನಿಯ ಸೇಲ್ಸ್ ಆಫೀಸರ್. ಕೆಲಸಕ್ಕೆ ಸೇರಿ ಒಂದು ವರ್ಷ. ನಿಮ್ಮ ವ್ಯಾಪ್ತಿಯ ಒಂದು ಹಳ್ಳಿಗಾಡಿನ ಬಂಕಿನಲ್ಲಿ ಡೀಸೆಲ್ ಪರೀಕ್ಷೆ ಮಾಡಿದ್ದೀರಿ. ಟ್ಯಾಂಕರ್ ಚಲನ್‌ನಲ್ಲಿ ಬರೆದ ಸಾಂದ್ರತೆ 832, ನಿಮ್ಮ ಹೈಡ್ರೋಮೀಟರಿನ ಲೆಕ್ಕಕ್ಕೆ ಬಂದದ್ದು 829.5. ವ್ಯತ್ಯಾಸ 3ರ ಒಳಗಿದ್ದರೆ ನಿಯಮದ ಪ್ರಕಾರ ತಪ್ಪಿಲ್ಲ. ಆದರೆ ಹಿಂದಿನ ಎರಡು ಭೇಟಿಯಲ್ಲೂ ವ್ಯತ್ಯಾಸ ಹೆಚ್ಚೂಕಡಿಮೆ ಇಷ್ಟೇ ಇತ್ತು, ಮೂರು ಸಲವೂ ಮಿತಿಯ ಅಂಚಿನಲ್ಲೇ. ಪಂಪ್‌ಸೆಟ್ ಹೊಗೆ ಕಾರುತ್ತಿದೆ ಎಂದು ಇಬ್ಬರು ರೈತರು ದೂರಿದ್ದಾರೆ. ಇಪ್ಪತ್ತು ಕಿಲೋಮೀಟರ್ ಸುತ್ತಳತೆಯಲ್ಲಿ ಇದೊಂದೇ ಬಂಕ್, ಈಗ ಬಿತ್ತನೆಯ ಕಾಲ. ಮೇಲಧಿಕಾರಿಗೆ ಫೋನ್ ಮಾಡಿದರೆ, “ಮಿತಿಯೊಳಗಿದೆಯಲ್ಲ, ಬಿಡಿ. ತಿಂಗಳ ಕೊನೆ, ಟಾರ್ಗೆಟ್ ನೋಡಿ” ಎನ್ನುತ್ತಾರೆ. ಅದೇ ರಾತ್ರಿ ಗುರುತಿಲ್ಲದ ಒಂದು ನಂಬರಿನಿಂದ ಬೆದರಿಕೆ ಬರುತ್ತದೆ. ಮುಂದಿನ ಎರಡು ದಿನ ನೀವೇನು ಮಾಡುತ್ತೀರಿ? ಮೇಲಧಿಕಾರಿಗೆ ಏನೆಂದು ಹೇಳುತ್ತೀರಿ, ಆಡುವ ಮಾತಿನಲ್ಲೇ ಬರೆಯಿರಿ. ನೀವು ಕೈಬಿಟ್ಟ ದಾರಿ ಯಾವುದು, ಅದನ್ನು ಬಿಟ್ಟಿದ್ದರಿಂದ ಯಾರಿಗೆ ನಷ್ಟ?

ಒಟ್ಟು 20 ಅಂಕ. ಅರವತ್ತು ವಿದ್ಯಾರ್ಥಿಗಳು ಬರೆದರೆ ಅರವತ್ತು ಬಗೆಯ ಉತ್ತರ ಬರುತ್ತದೆ. ಅವುಗಳಿಗೆ ಅಂಕ ಕೊಡುವುದು ಹೇಗೆ ಎಂಬುದು ಪ್ರಶ್ನೆ ತೆಗೆಯುವುದಕ್ಕಿಂತ ಕಷ್ಟದ ಕೆಲಸ.

ಇಂಥ ಪ್ರಶ್ನೆಯ ಬೆನ್ನಿಗೆ ನಿಜ ಘಟನೆಯೊಂದಿದೆ. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಬೆಳೆದು, ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿ, ಲಖನೌದ ಐಐಎಂನಲ್ಲಿ ಎಂಬಿಎ ಮುಗಿಸಿದ ಮಂಜುನಾಥ್ ಷಣ್ಮುಗಂ ಇಂಡಿಯನ್ ಆಯಿಲ್‌ನಲ್ಲಿ ಸೇಲ್ಸ್ ಆಫೀಸರ್ ಆಗಿದ್ದರು. ಉತ್ತರ ಪ್ರದೇಶದ ಲಖೀಂಪುರ ಖೇರಿ ಜಿಲ್ಲೆಯಲ್ಲಿ ಕಲಬೆರಕೆ ಮಾಡುತ್ತಿದ್ದ ಬಂಕಿನ ಮೇಲೆ ಕ್ರಮ ಕೈಗೊಂಡಿದ್ದಕ್ಕೆ 2005ರ ನವೆಂಬರ್ 19ರಂದು ಅವರನ್ನು ಗುಂಡಿಕ್ಕಿ ಕೊಂದರು. ದೇಶದ ಎಷ್ಟೋ ಮ್ಯಾನೇಜ್‌ಮೆಂಟ್ ತರಗತಿಗಳಲ್ಲಿ ಅವರ ಹೆಸರು ಇಂದಿಗೂ ಚರ್ಚೆಗೆ ಬರುತ್ತದೆ, ಬರಲೇಬೇಕು.

ಆದರೆ ಆ ಘಟನೆಯನ್ನೇ ಹಾಗೆಹಾಗೆಯೇ ಪ್ರಶ್ನೆಯಾಗಿ ಕೊಟ್ಟರೆ ಪರೀಕ್ಷೆ ಕೆಡುತ್ತದೆ. ವಿದ್ಯಾರ್ಥಿಗೆ ಕಥೆ ಗೊತ್ತಿರುತ್ತದೆ, ಮೇಷ್ಟ್ರಿಗೆ ಯಾವ ಉತ್ತರ ಹಿಡಿಸುತ್ತದೆ ಎಂಬುದೂ ಗೊತ್ತಿರುತ್ತದೆ. ಉತ್ತರಪತ್ರಿಕೆ ಶ್ರದ್ಧಾಂಜಲಿಯಾಗುತ್ತದೆಯೇ ಹೊರತು ಯೋಚನೆಯಾಗುವುದಿಲ್ಲ. ಹಾಗಾಗಿಯೇ ಮೇಲಿನ ಪ್ರಶ್ನೆಯಲ್ಲಿ ಸಾಂದ್ರತೆಯನ್ನು ಬೇಕೆಂದೇ ಮಿತಿಯ ಒಳಗೆ ಇಟ್ಟಿರುವುದು. ವ್ಯತ್ಯಾಸ 5 ಬಂದಿದ್ದರೆ ಅದು ನಿಯಮ ಗೊತ್ತಿದೆಯೇ ಎಂದು ಕೇಳುವ ಪ್ರಶ್ನೆಯಾಗುತ್ತಿತ್ತು. ಸೀಮೆಎಣ್ಣೆ ಡೀಸೆಲ್‌ಗಿಂತ ಹಗುರ. ಸ್ವಲ್ಪವೇ ಬೆರೆಸಿದರೆ ಸಾಂದ್ರತೆ ಒಂದಿಷ್ಟು ಇಳಿದರೂ ಗೆರೆ ದಾಟುವುದಿಲ್ಲ. ಹಳೆಯ ಸ್ಟಾಕಿನ ಮೇಲೆ ಹೊಸ ಟ್ಯಾಂಕರ್ ಇಳಿಸಿದಾಗಲೂ ಅಂಕಿ ಹಿಂದೆಮುಂದೆ ಆಗಬಹುದು. ಅನುಮಾನಕ್ಕೆ ಆಧಾರವಿದೆ, ಸಾಬೀತು ಮಾಡಲು ಪುರಾವೆ ಸಾಲದು. ನಿಯಮ ಕೈಬಿಟ್ಟ ಜಾಗದಲ್ಲಿ ಮನುಷ್ಯ ಏನು ಮಾಡುತ್ತಾನೆ ಎಂಬುದೇ ಇಲ್ಲಿ ಪರೀಕ್ಷೆಗೆ ಬರುವ ವಿಷಯ.

ಹೀಗೆ ಎರಡು ಕಡೆಯೂ ಎಳೆಯುವ ಸನ್ನಿವೇಶ ಕೊಟ್ಟು, ಬಂದ ಉತ್ತರಗಳಿಗೆ ದರ್ಜೆ ಕಟ್ಟುವ ಕೆಲಸಕ್ಕೆ ಒಂದು ಇತಿಹಾಸವಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಲಾರೆನ್ಸ್ ಕೋಲ್‌ಬರ್ಗ್ ಮಕ್ಕಳ ಮುಂದಿಟ್ಟ ಹೈನ್ಜ್‌ನ ಕಥೆ ಅದರಲ್ಲಿ ಪ್ರಸಿದ್ಧ. ಹೈನ್ಜ್‌ನ ಹೆಂಡತಿ ಸಾವಿನಂಚಿನಲ್ಲಿದ್ದಾಳೆ. ಔಷಧಿ ಕಂಡುಹಿಡಿದವನಿಗೆ ತಗುಲಿದ ಖರ್ಚು 200 ಡಾಲರ್, ಅವನು ಕೇಳುವುದು 2000. ಹೈನ್ಜ್ ಸಾಲಸೋಲ ಮಾಡಿ ಹೊಂದಿಸಿದ್ದು ಅದರ ಅರ್ಧ ಮಾತ್ರ. ಅವನು ಔಷಧಿ ಕದಿಯಬೇಕೆ? ಕೋಲ್‌ಬರ್ಗ್ ಕದಿಯಬೇಕು ಅಥವಾ ಬಾರದು ಎಂಬ ತೀರ್ಮಾನಕ್ಕೆ ಅಂಕ ಕೊಡಲಿಲ್ಲ. ಅದಕ್ಕೆ ಕೊಟ್ಟ ಕಾರಣವನ್ನು ತೂಗಿದರು. ‘ಜೈಲಿಗೆ ಹೋಗಬೇಕಾಗುತ್ತದೆ, ಅದಕ್ಕೇ ಬೇಡ’ ಎನ್ನುವುದಕ್ಕೂ ‘ಜೀವದ ಹಕ್ಕು ಆಸ್ತಿಯ ಹಕ್ಕಿಗಿಂತ ದೊಡ್ಡದು, ಅದಕ್ಕೇ ಕದಿಯಲಿ’ ಎನ್ನುವುದಕ್ಕೂ ಬೇರೆಬೇರೆ ಮೆಟ್ಟಿಲು.

ಇದು ದೊಡ್ಡ ಹೆಜ್ಜೆ. ಅದರಲ್ಲಿನ ಕೊರತೆಯನ್ನು ತೋರಿಸಿಕೊಟ್ಟವರು ಕೋಲ್‌ಬರ್ಗ್ ಜೊತೆಗೇ ಕೆಲಸ ಮಾಡಿದ್ದ ಕ್ಯಾರಲ್ ಗಿಲ್ಲಿಗನ್. 1982ರ ತಮ್ಮ ಪುಸ್ತಕದಲ್ಲಿ ಅವರು ಹನ್ನೊಂದು ವರ್ಷದ ಇಬ್ಬರು ಮಕ್ಕಳ ಉತ್ತರಗಳನ್ನು ಪಕ್ಕಪಕ್ಕ ಇಟ್ಟರು. ಜೇಕ್ ಎಂಬ ಹುಡುಗ ಕದಿಯಬೇಕು ಎಂದು ತರ್ಕ ಕಟ್ಟಿ ಹೇಳುತ್ತಾನೆ. ಏಮಿ ಎಂಬ ಹುಡುಗಿ ಕದಿಯುವುದೂ ಬೇಡ, ಹೆಂಡತಿ ಸಾಯುವುದೂ ಬೇಡ ಎನ್ನುತ್ತಾಳೆ. ಹಣ ಬೇರೆ ಕಡೆ ಸಾಲ ಸಿಗಬಹುದು. ಹೈನ್ಜ್ ಜೈಲಿಗೆ ಹೋದರೆ ಆಮೇಲೆ ಹೆಂಡತಿಯನ್ನು ನೋಡಿಕೊಳ್ಳುವವರು ಯಾರು. ಇಬ್ಬರೂ ಕೂತು ಮಾತಾಡಿ ದಾರಿ ಹುಡುಕಲಿ ಎಂಬುದು ಅವಳ ಮಾತು. ಕೋಲ್‌ಬರ್ಗ್ ಅಳತೆಗೋಲಿನಲ್ಲಿ ಏಮಿ ಜೇಕ್‌ಗಿಂತ ಒಂದು ಮೆಟ್ಟಿಲು ಕೆಳಗೆ ಬಂದಳು. ಏಮಿ ಪ್ರಶ್ನೆ ಕೊಟ್ಟ ಎರಡೇ ಬಾಗಿಲನ್ನು ಒಪ್ಪದೆ ಮೂರನೆಯದನ್ನು ತಟ್ಟಿದ್ದಳು, ಅಳತೆಗೋಲಿನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಮ್ಯಾನೇಜ್‌ಮೆಂಟ್ ಮೇಷ್ಟ್ರುಗಳು ಈ ಪ್ರಸಂಗವನ್ನು ಓದಲೇಬೇಕು, ಏಕೆಂದರೆ ಒಳ್ಳೆಯ ಮ್ಯಾನೇಜರ್ ದಿನನಿತ್ಯ ಮಾಡುವುದು ಏಮಿ ಮಾಡಿದ ಕೆಲಸವನ್ನೇ.

ಈಗ ಬಂಕಿನ ಪ್ರಶ್ನೆಗೆ ಬರೋಣ. ಮೌಲ್ಯಮಾಪಕರ ಬಾಯಲ್ಲಿ ಈ ಅಂಕಸೂಚಿಗೆ ‘ಸ್ಕೀಮ್’ ಎಂದೇ ಹೆಸರು. ಈ ಪ್ರಶ್ನೆಗೆ ಹೊಂದುವ ಒಂದು ಸ್ಕೀಮ್ ಹೀಗಿರಬಹುದು: ಗೊತ್ತಿರುವುದನ್ನೂ ಅನುಮಾನವನ್ನೂ ಬೇರ್ಪಡಿಸಿದ್ದಕ್ಕೆ 4 ಅಂಕ, ಯಾರ‍್ಯಾರಿಗೆ ಏನೇನು ಪೆಟ್ಟು ಎಂದು ಕಂಡಿದ್ದಕ್ಕೆ 4, ತನಗೆ ಎದುರಾದ ಬಲವಾದ ವಾದವನ್ನು ಎತ್ತಿಕೊಂಡು ಉತ್ತರಿಸಿದ್ದಕ್ಕೆ 6, ನಾಳೆ ಬೆಳಗ್ಗೆ ಎದ್ದು ಮಾಡಲು ಸಾಧ್ಯವಿರುವ ಕೆಲಸ ಹೇಳಿದ್ದಕ್ಕೆ 6. ತೀರ್ಮಾನಕ್ಕೆಂದೇ ಬೇರೆ ಅಂಕವಿಲ್ಲ. ಜೊತೆಗೆ ಒಂದು ಮಿತಿ: ಹಣ ಪಡೆದು ಸುಮ್ಮನಾಗುವ, ಅಥವಾ ಪುರಾವೆ ಮುಚ್ಚಿಡುವ ಉತ್ತರ ಎಷ್ಟೇ ಚೆನ್ನಾಗಿ ವಾದಿಸಿದ್ದರೂ 8 ದಾಟುವಂತಿಲ್ಲ. ಕಾರಣಕ್ಕೇ ಅಂಕ ಎಂದ ಮಾತ್ರಕ್ಕೆ ಎಲ್ಲವೂ ನಡೆಯುತ್ತದೆ ಎಂದಲ್ಲ.

ನಾಲ್ಕು ಉತ್ತರಗಳನ್ನು ಈ ಸ್ಕೀಮಿಗೆ ಒಡ್ಡಿ ನೋಡಬಹುದು.

ಮೊದಲನೆಯದು ಆವೇಶದ ಉತ್ತರ. ‘ಪ್ರಾಮಾಣಿಕತೆಗಿಂತ ದೊಡ್ಡದಿಲ್ಲ, ಆ ಕ್ಷಣವೇ ಬಂಕಿಗೆ ಬೀಗ ಹಾಕುತ್ತೇನೆ, ಜೀವ ಹೋದರೂ ಸರಿ.’ ಓದಿದರೆ ಮನಸ್ಸು ತುಂಬುತ್ತದೆ. ಆದರೆ ಅನುಮಾನವನ್ನೇ ಸಾಬೀತು ಎಂದುಕೊಂಡಿದ್ದಾರೆ, ಆದ್ದರಿಂದ ಮೊದಲ ಸಾಲಿನಲ್ಲಿ 1. ರೈತರ ಎಂಜಿನ್ ಕಂಡಿದೆ, ಬಿತ್ತನೆ ಕಂಡಿಲ್ಲ, 2. ಎದುರುವಾದವನ್ನು ತಳ್ಳಿಹಾಕಿದ್ದಾರೆಯೇ ಹೊರತು ಉತ್ತರಿಸಿಲ್ಲ, 2. ಯಾವ ನಿಯಮದಡಿ ಬೀಗ ಎಂದು ಹೇಳಿಲ್ಲ, 1. ಒಟ್ಟು 6.

ಎರಡನೆಯವರು ಬಂಕ್ ಮುಚ್ಚಿಸುವುದಿಲ್ಲ. ಡೀಲರ್ ಎದುರಲ್ಲೇ ಸ್ಯಾಂಪಲ್ ತೆಗೆದು, ಸೀಲ್ ಮಾಡಿ, ಇಬ್ಬರ ಸಹಿ ಹಾಕಿಸಿ ಲ್ಯಾಬಿಗೆ ಕಳಿಸುತ್ತಾರೆ. ಮೂರು ತಿಂಗಳ ಖರೀದಿ, ಮಾರಾಟ, ಟ್ಯಾಂಕಿನ ಡಿಪ್ ಅಳತೆ ಮೂರನ್ನೂ ತಾಳೆ ನೋಡುತ್ತಾರೆ. ಕೊಂಡದ್ದಕ್ಕಿಂತ ಮಾರಿದ್ದು ಹೆಚ್ಚಿದ್ದರೆ ಹೊರಗಿನ ಮಾಲು ಬಂದಿದೆ ಎಂದೇ ಅರ್ಥ. ಮೇಲಧಿಕಾರಿಗೆ ಅವರು ಹೇಳುವ ಮಾತು ಹೀಗಿದೆ: “ಸಾರ್, ಇವತ್ತಿನ ಅಂಕಿ ಮಿತಿಯೊಳಗೇ ಇದೆ, ಅದನ್ನೇ ಬರೆಯುತ್ತೇನೆ. ಮೂರು ಸಲವೂ ಅಂಚಿನಲ್ಲೇ ಬಂದಿದೆ ಎಂಬುದನ್ನೂ ಬರೆಯುತ್ತೇನೆ. ನಾಳೆ ಇದು ಬಯಲಾದರೆ ನಮ್ಮಿಬ್ಬರ ಫೈಲಿನಲ್ಲೂ ಈ ಮೇಲ್ ಇರಲಿ.” ಬೆದರಿಕೆ ಕರೆಯ ಬಗ್ಗೆ ಪೊಲೀಸರಿಗೆ ದೂರು ಕೊಡುತ್ತಾರೆ, ಒಬ್ಬರೇ ಆ ಕಡೆ ಹೋಗುವುದಿಲ್ಲ. 4, 3, 5, 6. ಒಟ್ಟು 18.

ಮೂರನೆಯವರು ಇದಕ್ಕೆ ತದ್ವಿರುದ್ಧ: ಲ್ಯಾಬ್ ವರದಿ ಬರುವವರೆಗೆ ಡೀಸೆಲ್ ಮಾರಾಟ ನಿಲ್ಲಬೇಕು ಎನ್ನುತ್ತಾರೆ. ತಮ್ಮ ಕೈಯಲ್ಲಿ ಆ ಅಧಿಕಾರ ನೇರವಾಗಿಲ್ಲ ಎಂಬುದು ಅವರಿಗೆ ಗೊತ್ತು. ಪ್ರಾದೇಶಿಕ ಕಚೇರಿಗೆ ಬರೆದು ಅನುಮತಿ ಕೇಳುತ್ತಾರೆ, ಅಷ್ಟು ದಿನ ಪಕ್ಕದ ತಾಲ್ಲೂಕಿನ ಬಂಕಿನಿಂದ ರೈತರಿಗೆ ಬ್ಯಾರೆಲ್‌ನಲ್ಲಿ ಡೀಸೆಲ್ ತಲುಪಿಸುವ ವ್ಯವಸ್ಥೆ ಕೋರುತ್ತಾರೆ. ಡೀಲರ್ ನಿರಪರಾಧಿಯಾಗಿದ್ದರೆ ಅವನಿಗಾಗುವ ನಷ್ಟವನ್ನೂ ಒಪ್ಪಿಕೊಂಡು, ಪಂಪ್‌ಸೆಟ್ ಕೆಟ್ಟು ಬಿತ್ತನೆ ತಪ್ಪುವ ನಷ್ಟ ಅದಕ್ಕಿಂತ ದೊಡ್ಡದೆಂದು ವಾದಿಸುತ್ತಾರೆ. 3, 4, 5, 5. ಒಟ್ಟು 17. ಎರಡು ಎದುರುಬದುರು ತೀರ್ಮಾನಗಳ ನಡುವೆ ಒಂದೇ ಅಂಕದ ವ್ಯತ್ಯಾಸ. ಸ್ಕೀಮ್ ಸರಿಯಾಗಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಗುರುತಿಲ್ಲ.

ನಾಲ್ಕನೆಯ ಉತ್ತರದಲ್ಲೇ ಮೌಲ್ಯಮಾಪಕರು ಎಡವುವುದು. ‘ನಿಯಮ ಇರುವುದೇ ಅಧಿಕಾರಿಯ ಅನುಮಾನಕ್ಕೆ ಕಡಿವಾಣ ಹಾಕಲು. ಮಿತಿಯೊಳಗಿದ್ದವನನ್ನು ಕಾಡಿದರೆ ನಾಳೆ ಪ್ರತಿ ಅಧಿಕಾರಿಯೂ ಅನುಮಾನದ ಹೆಸರಲ್ಲಿ ವಸೂಲಿಗಿಳಿಯುತ್ತಾನೆ. ನಾನು ಏನೂ ಮಾಡುವುದಿಲ್ಲ.’ ಈ ವಾದದಲ್ಲಿ ಹುರುಳಿದೆ. ಕೆಲವರು ಇದಕ್ಕೆ ಸಿಟ್ಟಿನಿಂದ ಸೊನ್ನೆ ಹಾಕುತ್ತಾರೆ, ಕೆಲವರು ಜಾಣತನಕ್ಕೆ ಮೆಚ್ಚಿ 15 ಕೊಡುತ್ತಾರೆ. ಸ್ಕೀಮಿನ ಪ್ರಕಾರ ಸಂಗತಿಗಳನ್ನು ಸರಿಯಾಗಿ ಬೇರ್ಪಡಿಸಿದ್ದಕ್ಕೆ 4, ರೈತರನ್ನು ಮರೆತದ್ದಕ್ಕೆ 1, ತತ್ವ ಹೇಳಿದರೂ ಸ್ಯಾಂಪಲ್ ತೆಗೆಯುವುದು ಕಾಟವಲ್ಲ ಎಂಬ ಎದುರುವಾದವನ್ನು ಮುಟ್ಟದ್ದಕ್ಕೆ 3, ಮೇಲಧಿಕಾರಿಗೆ ತಮ್ಮ ನಿಲುವು ತಿಳಿಸಿದ್ದನ್ನು ಬಿಟ್ಟರೆ ಬೇರೆ ಕೆಲಸವಿಲ್ಲದ್ದಕ್ಕೆ 2. ಒಟ್ಟು 10.

ಸ್ಕೀಮ್ ಎಷ್ಟೇ ಚೆನ್ನಾಗಿದ್ದರೂ ಕೈಗಳು ಬೇರೆಬೇರೆ. ರಾಶಿ ರಾಶಿ ಪತ್ರಿಕೆ ತಿದ್ದುವ ಮೊದಲು ಇಬ್ಬರು ಮೌಲ್ಯಮಾಪಕರು ಒಂದಿಷ್ಟು ಪತ್ರಿಕೆಗಳನ್ನು ಒಬ್ಬರಿಗೊಬ್ಬರು ತೋರಿಸದೆ ತಿದ್ದಿ ಹೋಲಿಸಬೇಕು. ಒಂದೇ ಉತ್ತರಕ್ಕೆ ಒಬ್ಬರು 9, ಇನ್ನೊಬ್ಬರು 15 ಕೊಟ್ಟಿದ್ದರೆ ಮಧ್ಯದಲ್ಲಿ 12 ಹಾಕಿ ಮುಗಿಸಬಾರದು. ಯಾವ ಸಾಲನ್ನು ಇಬ್ಬರೂ ಬೇರೆ ಬೇರೆಯಾಗಿ ಓದಿಕೊಂಡರು ಎಂದು ಹುಡುಕಿ ಆ ಸಾಲನ್ನೇ ತಿದ್ದಬೇಕು. ಒಂದೊಂದು ಪತ್ರಿಕೆಯನ್ನು ಪೂರ್ತಿ ಮುಗಿಸುತ್ತ ಹೋಗುವ ಬದಲು ಎಲ್ಲ ಪತ್ರಿಕೆಗಳಲ್ಲೂ ಮೊದಲು ಒಂದೇ ಅಂಶ ನೋಡಿದರೆ, ಚಂದದ ಆರಂಭಕ್ಕೆ ಮರುಳಾಗಿ ಕೊನೆಯವರೆಗೂ ಧಾರಾಳ ಅಂಕ ಸುರಿಯುವ ಅಭ್ಯಾಸ ತಗ್ಗುತ್ತದೆ.

ಇಷ್ಟೆಲ್ಲ ಮಾಡಿದರೂ ಅಳೆದಂತಾಗುವುದು ಅರ್ಧ ಮಾತ್ರ. ಕೋಲ್‌ಬರ್ಗ್ ದಾರಿಯಲ್ಲೇ ಮುಂದುವರಿದ ಜೇಮ್ಸ್ ರೆಸ್ಟ್, ನೈತಿಕ ನಡತೆಗೆ ನಾಲ್ಕು ಭಾಗ ಇವೆ ಎಂದರು: ಸಮಸ್ಯೆ ಕಣ್ಣಿಗೆ ಬೀಳುವುದು, ಯಾವುದು ಸರಿ ಎಂದು ತೀರ್ಮಾನಿಸುವುದು, ಉಳಿದ ಆಸೆಗಳಿಗಿಂತ ಅದಕ್ಕೆ ಮೇಲಿನ ಸ್ಥಾನ ಕೊಡುವುದು, ಕೊನೆಗೆ ಅದನ್ನು ಮಾಡಿಯೇ ತೀರುವ ಗಟ್ಟಿತನ. ಉತ್ತರಪತ್ರಿಕೆಯಲ್ಲಿ ಕಾಣುವುದು ಮೊದಲೆರಡು. ಮೂರನೆಯದರ ಹತ್ತಿರಕ್ಕಾದರೂ ಹೋಗಲು ಅಮೆರಿಕದ ಮೇರಿ ಜೆಂಟೈಲ್ ರೂಪಿಸಿದ ಬೋಧನಾ ಕ್ರಮ ದಾರಿ ಮಾಡಿತು. ಯಾವುದು ಸರಿ ಎಂದು ಕೇಳುವ ಬದಲು, ಸರಿ ಎಂದು ನಿಮಗೆ ಗೊತ್ತಿರುವುದನ್ನು ಯಾರಿಗೆ, ಯಾವ ಮಾತಿನಲ್ಲಿ ಹೇಳುತ್ತೀರಿ ಎಂದು ಅವರು ಕೇಳಿಸಿದರು. ಮೇಲಧಿಕಾರಿಗೆ ಆಡುವ ಮಾತನ್ನೇ ಬರೆಯಿರಿ ಎಂದು ಬಂಕಿನ ಪ್ರಶ್ನೆ ಒತ್ತಾಯಿಸುವುದು ಇದಕ್ಕೇ. ‘ಮನವರಿಕೆ ಮಾಡಿಕೊಡುತ್ತೇನೆ’ ಎಂದು ಬರೆಯುವುದು ಸುಲಭ. ‘ಸಾರ್’ ಎಂದು ಶುರುಮಾಡಿ ಮುಂದಿನ ಮೂರು ವಾಕ್ಯ ಬರೆಯುವುದು ಕಷ್ಟ.

ಇಂಥ ಪ್ರಶ್ನೆ ತೆಗೆಯುವ ಅಧ್ಯಾಪಕರು ಅದನ್ನು ಮುದ್ರಣಕ್ಕೆ ಕಳಿಸುವ ಮೊದಲು ಒಂದು ಸಂಜೆ ಬಿಡುವು ಮಾಡಿಕೊಳ್ಳಲಿ. 17 ಅಂಕಕ್ಕೆ ಯೋಗ್ಯವಾದ ಎರಡು ಉತ್ತರಗಳನ್ನು, ಒಂದು ಹೌದು ಎನ್ನುವುದು, ಇನ್ನೊಂದು ಬೇಡ ಎನ್ನುವುದು, ತಾವೇ ಕೈಯಾರೆ ಬರೆದು ನೋಡಲಿ. ಎರಡನೆಯದನ್ನು ಬರೆಯಲು ಆಗದೇ ಹೋದರೆ ಆ ಪ್ರಶ್ನೆಯನ್ನು ಪತ್ರಿಕೆಯಿಂದ ತೆಗೆದುಬಿಡಲಿ.