ಹುಲ್ಲೋ ಜೇಕೋ? ದಂಟು ಮತ್ತು ಎಲೆಸಾಲು ಹೇಳುವ ಗುರುತು

ಹಸಿರಾಗಿ, ಸಣ್ಣಗೆ, ಉದ್ದುದ್ದಕ್ಕೆ ಬೆಳೆಯುವುದನ್ನೆಲ್ಲ ಕನ್ನಡದ ಆಡುಮಾತು ಹುಲ್ಲು ಎಂದೇ ಕರೆಯುತ್ತದೆ. ಸಸ್ಯಶಾಸ್ತ್ರದಲ್ಲಿ ಮಾತ್ರ ಇವು ಮೂರು ಬೇರೆ ಬೇರೆ ಕುಟುಂಬಗಳು. ಗರಿಕೆ, ಭತ್ತ, ರಾಗಿ, ಕಬ್ಬು, ಬಿದಿರು ಸೇರಿದ ನಿಜವಾದ ಹುಲ್ಲುಗಳದು ಪೋಯೇಸಿ ಕುಟುಂಬ. ಜೇಕು ಮತ್ತು ಅದರ ಬಳಗದ್ದು ಸೈಪರೇಸಿ. ಮೂರನೆಯದು ಜಂಕೇಸಿ, ಇದರ ಮುಖ್ಯ ಗಿಡಗಳು ಜಂಕಸ್ ಎಂಬ ಕುಲಕ್ಕೆ ಸೇರಿವೆ. ಮೊದಲ ಕುಟುಂಬದಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ಜಾತಿಗಳಿವೆ, ಎರಡನೆಯದರಲ್ಲಿ ಐದು ಸಾವಿರಕ್ಕೂ ಹೆಚ್ಚು, ಮೂರನೆಯದರಲ್ಲಿ ಕೆಲವು ನೂರು ಮಾತ್ರ. ಹೂವು ಬಿಡುವ ಮೊದಲೇ ಈ ಮೂರನ್ನು ಬೇರ್ಪಡಿಸಲು ಹೆಚ್ಚಾಗಿ ಎರಡು ಗುರುತುಗಳು ಸಾಕು: ದಂಟಿನ ಆಕಾರ, ಮತ್ತು ದಂಟಿನ ಸುತ್ತ ಎಲೆಗಳು ನಿಂತ ಸಾಲು. ಮೊಬೈಲಿನಲ್ಲಿ ತೆಗೆದ ಚಿತ್ರದಲ್ಲೂ ಇವನ್ನು ಓದಬಹುದು. ಆದರೆ ಚಿತ್ರ ಸರಿಯಾದ ಕೋನದಿಂದ ತೆಗೆದದ್ದಾಗಿರಬೇಕು.

ಹುಲ್ಲಿನ ದಂಟು ಸಾಮಾನ್ಯವಾಗಿ ದುಂಡಗಿರುತ್ತದೆ, ಅದರಲ್ಲಿ ಗೆಣ್ಣುಗಳಿರುತ್ತವೆ. ಗೆಣ್ಣು ಎಂದರೆ ಏನೆಂದು ಕಬ್ಬು ತಿಂದವರಿಗೆ ಹೇಳಿಕೊಡಬೇಕಿಲ್ಲ. ಗರಿಕೆಯ ನೂಲಿನಂಥ ದಂಟಿನಲ್ಲೂ ಕಬ್ಬಿನ ಆ ರಚನೆಯೇ ಇದೆ: ಅಲ್ಲಲ್ಲಿ ಉಬ್ಬಿದ ಗಟ್ಟಿ ಗೆಣ್ಣು, ಪ್ರತಿ ಗೆಣ್ಣಿನಿಂದ ಹೊರಟ ಒಂದು ಎಲೆ. ಎರಡು ಗೆಣ್ಣುಗಳ ನಡುವಿನ ಭಾಗ ಭತ್ತ, ಗೋಧಿ, ಬಿದಿರುಗಳಲ್ಲಿ ಪೊಳ್ಳು. ಕಬ್ಬು, ಜೋಳ, ಮೆಕ್ಕೆಜೋಳಗಳಲ್ಲಿ ತಿರುಳು ತುಂಬಿರುತ್ತದೆ. ಹೀಗಾಗಿ ದಂಟು ಪೊಳ್ಳಾಗಿದ್ದರೆ ಮಾತ್ರ ಹುಲ್ಲು ಎಂಬ ಮಾತು ಸರಿಯಲ್ಲ. ಹುಲ್ಲಿನ ನಂಬಲರ್ಹ ಗುರುತು ಪೊಳ್ಳಲ್ಲ, ಗೆಣ್ಣು.

ಜೇಕಿನ ದಂಟು ಮುಮ್ಮೂಲೆಯದು. ಹೂಗೊಂಚಲನ್ನು ಹೊತ್ತು ನಿಂತ ದಂಟನ್ನು ಹೆಬ್ಬೆರಳು, ತೋರುಬೆರಳುಗಳ ನಡುವೆ ಹೊರಳಿಸಿದರೆ ಅದು ಗರಿಕೆಯ ದಂಟಿನಂತೆ ನುಣುಪಾಗಿ ಉರುಳುವುದಿಲ್ಲ. ಒಂದು ಸುತ್ತಿಗೆ ಮೂರು ಸಲ ತಡೆದು ತಡೆದು ಹೊರಳುತ್ತದೆ. ಬ್ಲೇಡಿನಿಂದ ಅಡ್ಡ ಕೊಯ್ದರೆ ಮೂರು ಮೂಲೆಗಳು ಕಣ್ಣಿಗೇ ಕಾಣುತ್ತವೆ, ಒಳಗೆ ಬಿಳಿಯ ತಿರುಳು ತುಂಬಿರುತ್ತದೆ. ಬುಡದಿಂದ ಹೂಗೊಂಚಲಿನವರೆಗೆ ಎಲ್ಲೂ ಗೆಣ್ಣು ಕಾಣದು. ಎಲೆಗಳು ಬುಡದಲ್ಲೇ ಗುಂಪಾಗಿರುತ್ತವೆ. ಮತ್ತೆ ಎಲೆಯಂಥವು ಕಾಣುವುದು ತುದಿಯಲ್ಲಿ, ಹೂಗೊಂಚಲಿನ ಕೆಳಗೆ, ಕೊಡೆಯ ಕಡ್ಡಿಗಳಂತೆ ಹರಡಿಕೊಂಡು.

ಎರಡನೆಯ ಗುರುತು ಎಲೆಗಳ ಸಾಲು. ಹುಲ್ಲಿನಲ್ಲಿ ಒಂದು ಎಲೆ ಬಲಕ್ಕೆ ಬಂದರೆ ಮುಂದಿನದು ಎಡಕ್ಕೆ, ಅದರ ಮುಂದಿನದು ಮತ್ತೆ ಬಲಕ್ಕೆ. ಅಂದರೆ ಪ್ರತಿ ಎಲೆಯೂ ಹಿಂದಿನದಕ್ಕಿಂತ 180 ಡಿಗ್ರಿ ತಿರುಗಿರುತ್ತದೆ. ಮೇಲಿನಿಂದ ನೋಡಿದರೆ ಎಲ್ಲ ಎಲೆಗಳೂ ಒಂದೇ ಗೆರೆಯ ಎರಡು ಬದಿಗೆ ಚಾಚಿಕೊಂಡಿರುತ್ತವೆ. ಜೇಕಿನಲ್ಲಿ ಈ ತಿರುವು 120 ಡಿಗ್ರಿ. ನಾಲ್ಕನೆಯ ಎಲೆ ಬರುವ ಹೊತ್ತಿಗೆ ಸುತ್ತು ಪೂರ್ತಿಯಾಗಿ, ಅದು ಮೊದಲನೆಯದರ ನೇರಕ್ಕೆ ನಿಲ್ಲುತ್ತದೆ. ಮೇಲಿನಿಂದ ನೋಡಿದಾಗ ಎಲೆಗಳು ಮೂರು ದಿಕ್ಕಿಗೆ ಚಾಚಿ, ಮೂರು ರೆಕ್ಕೆಯ ಫ್ಯಾನಿನಂತೆ ತೋರುತ್ತವೆ. ಮುಮ್ಮೂಲೆಯ ದಂಟು, ಮೂರು ಸಾಲಿನ ಎಲೆ ಎರಡೂ ಒಟ್ಟಿಗೆ ಸಿಕ್ಕರೆ ಸಂಶಯ ಬಹುಪಾಲು ತೀರಿತು.

ಇವೆರಡಕ್ಕೆ ಪೂರಕವಾಗಿ ಎಲೆಯ ಬುಡವನ್ನೂ ನೋಡಬೇಕು. ಎಲೆಯ ಕೆಳಭಾಗ ದಂಟನ್ನು ಅಪ್ಪಿಕೊಂಡು ಒರೆಯಂತಿರುತ್ತದೆ. ಹುಲ್ಲಿನ ಒರೆಗೆ ಸಾಮಾನ್ಯವಾಗಿ ಒಂದು ಬದಿಯಲ್ಲಿ ಸೀಳಿರುತ್ತದೆ. ಪಂಚೆ ಸುತ್ತಿದಂತೆ ಅಂಚಿನ ಮೇಲೆ ಅಂಚು ಬಂದಿರುವುದರಿಂದ ಉಗುರಿನಿಂದ ಬಿಡಿಸಬಹುದು. ಜೇಕಿನ ಒರೆ ಸೀಳಿಲ್ಲದ ಕೊಳವೆ, ಬಿಡಿಸಬೇಕೆಂದರೆ ಹರಿಯಲೇಬೇಕು. ಹುಲ್ಲಿನಲ್ಲಿ ಒರೆಯೂ ಎಲೆಯ ಅಲಗೂ ಸೇರುವ ಜಾಗದ ಒಳಬದಿಯಲ್ಲಿ ತೆಳುವಾದ ಪೊರೆಯೋ ಕೂದಲಿನ ಸಾಲೋ ಇರುತ್ತದೆ. ಇದನ್ನು ಎಲೆಯ ನಾಲಗೆ ಎನ್ನಬಹುದು. ಗರಿಕೆಯಲ್ಲಿ ಅದು ಬಿಳಿ ಕೂದಲಿನ ಅಂಚು, ಭತ್ತದಲ್ಲಿ ಉದ್ದನೆಯ ಪೊರೆ. ಜೇಕಿನಲ್ಲಿ ನಾಲಗೆ ಇಲ್ಲ. ಹಾಗೆಂದು ಅದೊಂದನ್ನೇ ನೆಚ್ಚುವಂತಿಲ್ಲ: ಭತ್ತದ ಗದ್ದೆಯಲ್ಲಿ ಕಳೆಯಾಗಿ ಬರುವ, ಊದಲಿನ ಹತ್ತಿರದ ಸಂಬಂಧಿಗಳು ನಿಜವಾದ ಹುಲ್ಲುಗಳೇ ಆದರೂ ಅವುಗಳಿಗೆ ನಾಲಗೆ ಇರುವುದಿಲ್ಲ. ಎಳೆಯ ಭತ್ತದ ನಡುವೆ ಅವನ್ನು ಗುರುತಿಸುವ ದಾರಿಯೂ ಅದೇ.

ಮೂರನೆಯ ಗುಂಪು ಕರ್ನಾಟಕದ ಬಯಲಿನಲ್ಲಿ ಅಪರೂಪ. ಜಂಕಸ್‌ ಜಾತಿಗಳು ಹೆಚ್ಚಾಗಿ ತಂಪು ನಾಡುಗಳ ತೇವದ ನೆಲದವು. ಇಲ್ಲಿ ಪಶ್ಚಿಮ ಘಟ್ಟದ ಎತ್ತರದ ಜೌಗುಗಳಲ್ಲಿ ಕೆಲವು ಸಿಗುತ್ತವೆ. ಇವುಗಳ ದಂಟು ಸಾಮಾನ್ಯವಾಗಿ ಹುಲ್ಲಿನಂತೆ ದುಂಡು, ಆದರೆ ಉಬ್ಬಿದ ಗೆಣ್ಣು ಕಾಣುವುದಿಲ್ಲ, ಒಳಗೆ ತಿರುಳಿರುತ್ತದೆ. ಅನೇಕ ಜಾತಿಗಳಲ್ಲಿ ಎಲೆಯೂ ಚಪ್ಪಟೆಯಾಗಿರದೆ ದಂಟಿನಂತೆಯೇ ದುಂಡಾಗಿ, ಸೂಜಿಯಂತಿರುತ್ತದೆ. ಇನ್ನು ಕೆಲವಲ್ಲಿ ಎಲೆಯೇ ಇಲ್ಲದೆ ಬುಡದಲ್ಲಿ ಕಂದು ಒರೆಗಳಷ್ಟೇ ಉಳಿದಿರುತ್ತವೆ. ಎಲೆಸಾಲು ಜಾತಿಯಿಂದ ಜಾತಿಗೆ ಬದಲಾಗುವುದರಿಂದ ಇಲ್ಲಿ ಅದರ ನೆರವು ಕಡಿಮೆ. ಇವನ್ನು ಖಚಿತಪಡಿಸುವುದು ಹೂವು. ಭೂತಗನ್ನಡಿಯಲ್ಲಿ ನೋಡಿದರೆ ಪ್ರತಿ ಹೂವಿಗೂ ಕಂದೋ ಹಸಿರೋ ಆದ ಆರು ಎಸಳುಗಳು ನಕ್ಷತ್ರದಂತೆ ಕಾಣುತ್ತವೆ. ಹುಲ್ಲಿಗೂ ಜೇಕಿಗೂ ಇಂಥ ಎಸಳಿಲ್ಲ. ಅವುಗಳ ಹೂಗಳು ಹೊಟ್ಟಿನಂಥ ಚಿಪ್ಪುಗಳ ಮರೆಯಲ್ಲಿರುತ್ತವೆ. ಜಂಕಸ್‌ ಕಾಯಿ ಒಡೆದರೆ ಹಲವು ಬೀಜಗಳು ಉದುರುತ್ತವೆ. ಹುಲ್ಲಿಗೂ ಜೇಕಿಗೂ ಒಂದು ಹೂವಿಗೆ ಒಂದೇ ಬೀಜ.

ಚಿತ್ರದಲ್ಲಿ ದಂಟಿನ ಆಕಾರವನ್ನು ತೋರಿಸಿಕೊಡುವುದು ಬೆಳಕು. ದುಂಡು ದಂಟಿನ ಮೇಲೆ ಬೆಳಕು ಮೆಲ್ಲಮೆಲ್ಲನೆ ನೆರಳಾಗುತ್ತ ಹೋಗುತ್ತದೆ. ಮುಮ್ಮೂಲೆಯ ದಂಟಿನಲ್ಲಿ ಒಂದು ಮುಖ ಬೆಳಗಿ ಇನ್ನೊಂದು ಮಂಕಾಗಿ, ನಡುವೆ ಅಂಚಿನ ಗೆರೆ ಉದ್ದಕ್ಕೂ ನೇರವಾಗಿ ಕಾಣುತ್ತದೆ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಈ ಗೆರೆ ಚೆನ್ನಾಗಿ ಮೂಡುತ್ತದೆ. ನಡುಹಗಲಿನ ನೆತ್ತಿಯ ಬಿಸಿಲಿನಲ್ಲಿ ಅಳಿಸಿಹೋದಂತಾಗುತ್ತದೆ. ಹಿಂದೆ ಒಂದು ಬಿಳಿ ಕಾಗದ ಹಿಡಿದರೆ ಕ್ಯಾಮೆರಾ ಹಿನ್ನೆಲೆಯ ಹಸಿರಿನ ಮೇಲೆ ಫೋಕಸ್ ಆಗದೆ ದಂಟಿನ ಮೇಲೆ ಆಗುತ್ತದೆ. ನಿಂತು ತೆಗೆದ ಒಂದೇ ಚಿತ್ರ ಸಾಲದು. ನೇರ ಮೇಲಿನಿಂದ ಎಲೆಸಾಲಿನ ಒಂದು ಚಿತ್ರ, ನೆಲಮಟ್ಟದಿಂದ ಬುಡದ ಒಂದು, ಕೊಯ್ದ ದಂಟಿನ ತುದಿಯದು ಒಂದು, ಹೂಗೊಂಚಲಿದ್ದರೆ ಅದರದೊಂದು ಬೇಕು.

ಉದಾಹರಣೆಗೆ ಗರಿಕೆಯ ಹುಲ್ಲುಹಾಸಿನ ಒಂದು ಚಿತ್ರವನ್ನು ಓದಬಹುದು. ಹುಲ್ಲು ಕತ್ತರಿಸಿ ಮೂರು ನಾಲ್ಕು ದಿನವಾಗಿದೆ. ಗರಿಕೆ ಇನ್ನೂ ಸಮಮಟ್ಟದಲ್ಲಿದೆ, ಆದರೆ ಅಲ್ಲಲ್ಲಿ ಹೊಳೆಯುವ ಎಲೆಗಳು ಎರಡು ಬೆರಳಿನಷ್ಟು ಮೇಲೆದ್ದಿವೆ. ಇಷ್ಟರಿಂದ ಬೇರೊಂದು ಗಿಡ ಸೇರಿದೆ ಎನ್ನಬಹುದೇ ಹೊರತು ಯಾವುದೆಂದು ಹೇಳಲಾಗದು. ಮೇಲಿನಿಂದ ತೆಗೆದ ಎರಡನೆಯ ಚಿತ್ರದಲ್ಲಿ ಎಲೆಗಳು ಮೂರು ದಿಕ್ಕಿಗೆ ಚಾಚಿವೆ, ಎಲೆಯ ನಡುವೆ ಉದ್ದಕ್ಕೂ ಮಡಿಕೆ ಬಿದ್ದು ಅಲಗು ದೋಣಿಯಂತೆ ತಗ್ಗಾಗಿದೆ. ಇದು ಜೇಕಿನ ಕಡೆಗೆ ಬೊಟ್ಟು ಮಾಡುತ್ತದೆ. ಬುಡದ ಚಿತ್ರದಲ್ಲಿ ಗೆಣ್ಣಿಲ್ಲ, ಒರೆಗೆ ಸೀಳಿಲ್ಲ, ನಾಲಗೆಯ ಜಾಗದಲ್ಲಿ ಕೂದಲಿಲ್ಲ. ಬದಿಯ ಗಿಡದಲ್ಲಿ ಎದ್ದ ಹೂದಂಟನ್ನು ಕೊಯ್ದರೆ ಮೂರು ಮೂಲೆ. ಗಿಡ ಜೇಕಿನ ಕುಟುಂಬದ್ದೆಂದು ಇಲ್ಲಿಗೆ ಖಚಿತವಾಯಿತು.

ಆ ಕುಟುಂಬದಲ್ಲಿ ಯಾವುದು ಎಂಬುದಕ್ಕೆ ಹೂಗೊಂಚಲು ಮತ್ತು ಬೇರು ಉತ್ತರ ಕೊಡುತ್ತವೆ. ಗೊಂಚಲು ಕೆಂಗಂದು ಬಣ್ಣದ ಕಡ್ಡಿಗಳಾಗಿ ಹರಡಿದ್ದು, ಅಗೆದಾಗ ನಾರಿನಂಥ ಬೇರುಕಾಂಡದಲ್ಲಿ ಒಂದರ ಹಿಂದೆ ಒಂದು ಪೋಣಿಸಿದಂತೆ ಕಪ್ಪು, ಪರಿಮಳದ ಗಡ್ಡೆಗಳು ಸಿಕ್ಕರೆ ಅದು ಸೈಪರಸ್ ರೊಟಂಡಸ್. ಆ ಗಡ್ಡೆಯೇ ನಾಟಿ ಮದ್ದಿನ ಕೊನ್ನಾರಿ ಗಡ್ಡೆ, ಆಯುರ್ವೇದದ ಭದ್ರಮುಷ್ಟಿ. ಗೊಂಚಲಿನ ಬದಲು ದಂಟಿನ ತುದಿಯಲ್ಲಿ ಬಟಾಣಿಗಿಂತ ಚಿಕ್ಕದಾದ ಒಂದು ಉಂಡೆ, ಅದರ ಕೆಳಗೆ ಮೂರು ಎಲೆಗಳಿದ್ದರೆ ಅದು ಕಿಲ್ಲಿಂಗಾ ಗುಂಪಿನ ಗಿಡವಿರಬಹುದು. ತೇವ ಹೆಚ್ಚಿರುವ ಹುಲ್ಲುಹಾಸಿನಲ್ಲಿ ಇದು ಸಾಮಾನ್ಯ, ಗಡ್ಡೆ ಇರುವುದಿಲ್ಲ. ಈ ವ್ಯತ್ಯಾಸದಿಂದ ಕಳೆ ಕೀಳುವ ಕೆಲಸವೂ ಬದಲಾಗುತ್ತದೆ. ಜೇಕಿನ ಎಲೆ ಹಿಡಿದು ಎಳೆದರೆ ಗಡ್ಡೆ ನೆಲದಲ್ಲೇ ಉಳಿದು ಮತ್ತೆ ಚಿಗುರುತ್ತದೆ. ಅಗೆದು ಗಡ್ಡೆಯ ಸರವನ್ನೇ ತೆಗೆಯಬೇಕು.

ತಪ್ಪುವುದು ಹೆಚ್ಚಾಗಿ ನಾಲ್ಕು ಕಡೆ. ಮೊದಲನೆಯದು, ಕತ್ತರಿಸಿದ ಹುಲ್ಲುಹಾಸಿನಲ್ಲಿ ದಂಟಿನಂತೆ ಕಾಣುವುದು ಎಷ್ಟೋ ಸಲ ದಂಟೇ ಅಲ್ಲ, ಒಂದರೊಳಗೊಂದು ಸುತ್ತಿಕೊಂಡ ಒರೆಗಳ ಕಟ್ಟು. ಅದರ ಆಕಾರ ನೋಡಿ ದಂಟಿನ ಆಕಾರ ಹೇಳಬಾರದು; ಹೂದಂಟು ಏಳುವವರೆಗೆ ಎಲೆಸಾಲನ್ನೇ ನೆಚ್ಚಬೇಕು. ಎರಡನೆಯದು, ರಾಗಿಯ ಕಾಡು ನಂಟ ಎಲ್ಯೂಸಿನ್ ಇಂಡಿಕಾದಂಥ ಹುಲ್ಲುಗಳ ಬುಡ ಚಪ್ಪಟೆ. ಚಿತ್ರದಲ್ಲಿ ಅಂಚು ಕಂಡ ಕೂಡಲೇ ಜೇಕು ಎನಿಸುತ್ತದೆ, ಆದರೆ ಅಂಚುಗಳು ಎರಡೇ, ಎಲೆಗಳೂ ಎರಡೇ ಸಾಲಿನಲ್ಲಿ ಬೀಸಣಿಗೆಯಂತಿರುತ್ತವೆ. ಮೂರನೆಯದು, ಗರಿಕೆಯ ಹರಿದಾಡುವ ದಂಟಿನಲ್ಲಿ ಕೆಲವು ಗೆಣ್ಣುಗಳು ಒತ್ತೊತ್ತಾಗಿ ಬಂದು ಒಂದೇ ಕಡೆಯಿಂದ ಎರಡು ಮೂರು ಎಲೆ ಹೊರಟಂತೆ ಕಾಣುತ್ತದೆ. ಆ ಎಲೆಗಳು ಎದುರುಬದುರಾಗಿ ಎರಡೇ ಬದಿಗೆ ಇವೆಯೇ ಎಂದು ನೋಡಿದರೆ ಗೊಂದಲ ಬಗೆಹರಿಯುತ್ತದೆ.

ನಾಲ್ಕನೆಯದು ಕೆರೆಯಂಚಿನದು. ಜೇಕಿನ ಕುಟುಂಬದವೇ ಆದ ಎಲಿಯೋಕಾರಿಸ್‌ನ ಹಲವು ಜಾತಿಗಳ ದಂಟು ದುಂಡು, ಎಲೆಯ ಅಲಗೂ ಇಲ್ಲ. ಚಿತ್ರದಲ್ಲಿ ಅವು ಥೇಟ್ ಜಂಕಸ್‌ನಂತೆ ಕಾಣುತ್ತವೆ. ಇಲ್ಲಿ ದಂಟು, ಎಲೆ ಎರಡೂ ಕೈಕೊಡುವುದರಿಂದ ತುದಿಯನ್ನೇ ನೋಡಬೇಕು. ಎಲಿಯೋಕಾರಿಸ್‌ನಲ್ಲಿ ದಂಟಿನ ನೆತ್ತಿಯ ಮೇಲೆ ಚಿಪ್ಪುಗಳು ಒತ್ತಾಗಿ ಜೋಡಿಸಿದ ಒಂದೇ ಒಂದು ಪುಟ್ಟ ತೆನೆ ಇರುತ್ತದೆ; ಜಂಕಸ್‌ನಲ್ಲಿ ಆರೆಸಳಿನ ಬಿಡಿ ಹೂಗಳ ಗೊಂಚಲಿರುತ್ತದೆ. ತುದಿಯಲ್ಲಿ ಇವೆರಡೂ ಕಾಣದ ಚಿತ್ರವನ್ನು ಇಟ್ಟುಕೊಂಡು ಕುಟುಂಬದ ಹೆಸರು ಹೇಳಲಾಗದು; ಅಂಥ ಗಿಡವನ್ನು ಹೂ ಬಿಟ್ಟಾಗ ಮತ್ತೊಮ್ಮೆ ನೋಡಬೇಕು.