ಅಂಗಡಿಯ ರೇಖಾಚಿತ್ರಕ್ಕೆ ಹಗಲಿನ ಬೆಳಕು

ಕೈಯಲ್ಲಿ ಬರೆದ ಅಂಗಡಿ ಮುಂಭಾಗದ ಚಿತ್ರವನ್ನು ಫೋಟೋದಂತೆ ಕಾಣಿಸಲು ಮೊದಲು ಬೇಕಾದದ್ದು ಅಳತೆ. ನೇರ ಎದುರಿನಿಂದ ಬರೆದ ಚಿತ್ರವನ್ನು ಸ್ಕ್ಯಾನ್ ಮಾಡಿ ಬ್ಲೆಂಡರ್‌ನಂಥ ತಂತ್ರಾಂಶದಲ್ಲಿ ಹಿನ್ನೆಲೆಯಾಗಿ ಇಡುತ್ತಾರೆ. ಶಟರಿನ ಅಗಲ 8 ಅಡಿ ಎಂದು ಗೊತ್ತಿದ್ದರೆ, ಚಿತ್ರದ ಶಟರ್ ಅಷ್ಟೇ ಅಗಲ ಬರುವಂತೆ ಹಿಗ್ಗಿಸಿದರಾಯಿತು. ಗೋಡೆ, ಮೆಟ್ಟಿಲು, ಬೋರ್ಡುಗಳ ಅಳತೆ ತಾನಾಗಿ ಸಿಗುತ್ತದೆ. ಸಜ್ಜಾದ ಚಾಚು ಮಾತ್ರ ಇಂಥ ಚಿತ್ರದಲ್ಲಿ ಕಾಣುವುದಿಲ್ಲ, ಅದನ್ನು ಕೇಳಿಯೇ ತಿಳಿಯಬೇಕು.

ನಿಜವಾದ ಕಸುಬು ಇರುವುದು ಬಿಸಿಲಿನಲ್ಲಿ. ಬೆಂಗಳೂರಿನಲ್ಲಿ ದಕ್ಷಿಣಕ್ಕೆ ಮುಖಮಾಡಿದ ಅಂಗಡಿಯನ್ನು ತೆಗೆದುಕೊಳ್ಳಿ. ಡಿಸೆಂಬರ್ ಕೊನೆಯ ನಡುಹಗಲಲ್ಲಿ ಸೂರ್ಯ ಸುಮಾರು 53 ಡಿಗ್ರಿ ಎತ್ತರದಲ್ಲಿರುತ್ತಾನೆ. 3 ಅಡಿ ಚಾಚಿದ ಸಜ್ಜಾದ ನೆರಳು ಗೋಡೆಯ ಮೇಲೆ 4 ಅಡಿ ಕೆಳಗಿಳಿಯಬೇಕು. ಜೂನ್ ಕೊನೆಯಲ್ಲಾದರೆ ಸೂರ್ಯ ಉತ್ತರಕ್ಕೆ ವಾಲಿರುವುದರಿಂದ ಇಡೀ ಮುಂಭಾಗವೇ ನೆರಳು. ದಿಕ್ಕು ತಪ್ಪಿದರೆ ಚಿತ್ರ ಎಷ್ಟೇ ಚೆಂದವಿದ್ದರೂ ಸುಳ್ಳಾಗುತ್ತದೆ.

ನೆರಳು ಕಡುಗಪ್ಪಾಗಿದ್ದರೆ ಆಕಾಶದ ಬೆಳಕು ಸೇರಿಲ್ಲ ಎಂದರ್ಥ. ಗಾಜಿನ ಬಾಗಿಲು ಸತ್ತಂತೆ ಕಂಡರೆ, ಅದು ಪ್ರತಿಫಲಿಸಲು ಎದುರು ಬೀದಿಯನ್ನೇ ಇಟ್ಟಿಲ್ಲ. ಗೋಡೆಯ ಅಂಚುಗಳನ್ನು ಕೂದಲೆಳೆಯಷ್ಟು ದುಂಡಾಗಿಸಿ, ಕ್ಯಾಮೆರಾವನ್ನು 5 ಅಡಿ ಎತ್ತರದಲ್ಲಿ ಓರೆಯಿಲ್ಲದೆ ನಿಲ್ಲಿಸಿದರೆ ಕಂಬಗಳು ನೆಟ್ಟಗೆ ಕಾಣುತ್ತವೆ.