ವಿದೇಶಿ ಗ್ರಾಹಕರಿಗೆ ಇನ್‌ವಾಯ್ಸ್: ಜೊತೆಗೆ ಹೋಗುವ ಇಮೇಲ್‌ನಲ್ಲಿ ಏನಿರಬೇಕು?

ಹಂತ ಹಂತವಾಗಿ ಹಣ ಪಡೆಯುವ ಫ್ರೀಲಾನ್ಸ್ ಡಿಸೈನರ್ ಒಂದು ಹಂತ ಮುಗಿದಾಗ ಇನ್‌ವಾಯ್ಸ್ ಜೊತೆ ಕಳಿಸುವ ಇಮೇಲನ್ನು ಸಾಮಾನ್ಯವಾಗಿ ಇಬ್ಬರು ಓದುತ್ತಾರೆ. ಮೊದಲನೆಯವರು ಕೆಲಸ ಮಾಡಿಸಿದವರು. ಎರಡನೆಯವರು ಹಣ ಕಳಿಸುವ ಲೆಕ್ಕಪತ್ರ ವಿಭಾಗದವರು. ಇವರಿಗೆ ಡಿಸೈನಿನ ವಿಷಯ ಏನೂ ಗೊತ್ತಿರುವುದಿಲ್ಲ. ಕೆಲಸ ಮಾಡಿಸಿದವರು ಫಾರ್ವರ್ಡ್ ಮಾಡಿದ ಇಮೇಲ್ ಅಷ್ಟೇ ಅವರ ಕೈಗೆ ಸಿಗುತ್ತದೆ. ಅದನ್ನು ಓದಿ ಅವರಿಗೆ ಬೇರೇನೂ ಕೇಳುವ ಅಗತ್ಯ ಬೀಳಬಾರದು.

ಬೆಂಗಳೂರಿನ ಡಿಸೈನರ್ ಒಬ್ಬರು ಜರ್ಮನಿಯ ಚಹಾ ಕಂಪನಿಗೆ ಪ್ಯಾಕೆಟ್ ವಿನ್ಯಾಸ ಮಾಡುತ್ತಿದ್ದಾರೆ ಎಂದುಕೊಳ್ಳೋಣ. ಒಟ್ಟು 3,000 ಯೂರೋ, ಆರಂಭದಲ್ಲಿ ಶೇ. 30, ವಿನ್ಯಾಸ ಒಪ್ಪಿಗೆಯಾದಾಗ ಶೇ. 40, ಅಂತಿಮ ಫೈಲ್‌ಗಳಿಗೆ ಶೇ. 30 ಎಂದು ಒಪ್ಪಂದವಾಗಿದೆ. ಎರಡನೇ ಹಂತದ 1,200 ಯೂರೋಗೆ ಇಮೇಲಿನ ವಿಷಯದ ಸಾಲು ಹೀಗಿರಬಹುದು:

```
Invoice 07 – Milestone 2, tea packaging – EUR 1,200 – due 27 June
```

ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯಬೇಕು. 05/06 ಎಂದರೆ ಅಮೆರಿಕದವರಿಗೆ ಮೇ 6, ಯುರೋಪಿನವರಿಗೆ ಜೂನ್ 5.

ಇಮೇಲಿನ ಮೊದಲ ವಾಕ್ಯ ಒಪ್ಪಿಗೆಯನ್ನು ನೆನಪಿಸಬೇಕು: ಎರಡನೇ ಹಂತದ ವಿನ್ಯಾಸಗಳಿಗೆ ನೀವು ಜೂನ್ 10ರ ಇಮೇಲ್‌ನಲ್ಲಿ ಒಪ್ಪಿಗೆ ಕೊಟ್ಟಿದ್ದೀರಿ, ಅದರ ಇನ್‌ವಾಯ್ಸ್ ಇದು, ಎಂದು. ಹಣ ಕೇಳುವ ಹಕ್ಕಿಗೆ ಈ ಒಪ್ಪಿಗೆಯೇ ಆಧಾರ. 'ಕೆಲಸ ಬಹುತೇಕ ಮುಗಿದಿದೆ' ಎಂದು ಬರೆದರೆ ಪಾವತಿ ಅಲ್ಲೇ ನಿಲ್ಲುತ್ತದೆ. ಮೊತ್ತ, ಕೊನೆಯ ದಿನ, ಹಣ ಬಂದ ಮೇಲೆ ಶುರುವಾಗುವ ಮುಂದಿನ ಹಂತ, ಇವಿಷ್ಟನ್ನು ನಂತರ ಹೇಳಿದರೆ ಸಾಕು. ತಡವಾಗಿ ಕೇಳುತ್ತಿರುವುದಕ್ಕೆ ಕ್ಷಮೆ, ಸಂಕೋಚದ ಪೀಠಿಕೆ ಬೇಡವೇ ಬೇಡ. ದುಡಿದ ಹಣ ಕೇಳುವಾಗ ಅವು ಬರೀ ಗೊಂದಲ ತರುತ್ತವೆ.

ಹೆಚ್ಚು ತೊಡಕಾಗುವುದು ಬ್ಯಾಂಕ್ ವಿವರದಲ್ಲಿ. ಯುರೋಪಿನ ಪಾವತಿಗಳಲ್ಲಿ ಐಬಿಎಎನ್ ಸಂಖ್ಯೆ ಕೇಳುವುದು ರೂಢಿ, ಆದರೆ ಭಾರತದ ಖಾತೆಗಳಿಗೆ ಅದಿಲ್ಲ. ಹಾಗಾಗಿ ಖಾತೆ ಸಂಖ್ಯೆ ಮತ್ತು ಬ್ಯಾಂಕಿನ ಸ್ವಿಫ್ಟ್ ಕೋಡ್ ಬಳಸಬೇಕೆಂದು ಒಂದು ಸಾಲಿನಲ್ಲಿ ತಿಳಿಸಬೇಕು. ಖರ್ಚಿನ ಮಾತೂ ಇಲ್ಲೇ ಬರಬೇಕು. ಕಳಿಸುವವರು SHA ಆಯ್ದರೆ ದಾರಿಯಲ್ಲಿರುವ ಬ್ಯಾಂಕುಗಳು ತಮ್ಮ ಶುಲ್ಕ ಮುರಿದುಕೊಳ್ಳಬಹುದು, ಆಗ 1,200ಕ್ಕಿಂತ ಕಡಿಮೆ ಖಾತೆಗೆ ಬರುತ್ತದೆ. ಶುಲ್ಕ ಕಂಪನಿಯದೇ ಎಂದು ಒಪ್ಪಂದದಲ್ಲಿದ್ದರೆ OUR ಆಯ್ದುಕೊಳ್ಳಿ ಎಂದು ನೇರವಾಗಿ ಕೋರಬೇಕು.

ಖಾತೆ ಸಂಖ್ಯೆ ಹಿಂದಿನ ಬಾರಿಯದೇ ಆಗಿದ್ದರೆ ಹಾಗೆಂದು ಬರೆಯುವುದು ಒಳ್ಳೆಯದು. ವಂಚಕರು ಇಮೇಲ್ ಖಾತೆಗೆ ನುಗ್ಗಿ, ಇನ್‌ವಾಯ್ಸಿನಲ್ಲಿ ಖಾತೆ ಸಂಖ್ಯೆ ಬದಲಿಸಿ ಕಳಿಸುವುದುಂಟು. ಬದಲಾವಣೆ ನಿಜವಾಗಿದ್ದರೆ ಅದನ್ನು ಫೋನಿನಲ್ಲಿ ಖಚಿತಪಡಿಸಬೇಕು.

ಜಿಎಸ್‌ಟಿ ನೋಂದಣಿ ಇರುವವರು ತೆರಿಗೆ ಕಟ್ಟದೆ ಸೇವೆ ರಫ್ತು ಮಾಡಲು ಪ್ರತಿ ಹಣಕಾಸು ವರ್ಷಕ್ಕೆ ಎಲ್‌ಯುಟಿ ಸಲ್ಲಿಸಬೇಕು. ಅದರ ಉಲ್ಲೇಖ ಇನ್‌ವಾಯ್ಸಿನಲ್ಲಿರಬೇಕೇ ಹೊರತು ಇಮೇಲಿನಲ್ಲಲ್ಲ. ಹಣ ಬಂದ ಮೇಲೆ ಬ್ಯಾಂಕಿನಿಂದ ವಿದೇಶಿ ಹಣ ಸಂದಾಯದ ದಾಖಲೆ ಪಡೆದು, ಆ ಇನ್‌ವಾಯ್ಸ್ ಮತ್ತು ಒಪ್ಪಿಗೆಯ ಇಮೇಲ್ ಜೊತೆ ಇಟ್ಟುಕೊಳ್ಳಿ. ರಫ್ತಿನ ಹಣ ಬಂದಿದೆ ಎಂದು ತೆರಿಗೆ ಇಲಾಖೆಗೆ ತೋರಿಸಲು ಬೇಕಾಗುವುದು ಇದೇ ದಾಖಲೆ.